ಕಾಲೇಜಿನ ಶುಲ್ಕ ಪೂರ್ತಿ ಲೆಕ್ಕಕ್ಕೆ ಬಂದಿದೆಯೇ: ನಾನು ಆಡಿಟ್ ಮಾಡುವ ಕ್ರಮ

ಕಾಲೇಜಿನ ಆಡಿಟ್‌ಗೆ ಹೋದ ದಿನ ಆಫೀಸಿನವರು ಮೊದಲು ಮೇಜಿನ ಮೇಲೆ ತಂದಿಡುವುದು ರಸೀದಿಗಳ ಕಟ್ಟು, ಈಗೀಗ ಸಾಫ್ಟ್‌ವೇರ್‌ನಿಂದ ತೆಗೆದ ರಸೀದಿ ಪಟ್ಟಿ. ನಾನು ಅದನ್ನು ಸದ್ಯಕ್ಕೆ ಬದಿಗಿಡುತ್ತೇನೆ. ರಸೀದಿ ಹಿಡಿದು ಕ್ಯಾಷ್ ಬುಕ್ಕಿಗೆ, ಅಲ್ಲಿಂದ ಬ್ಯಾಂಕಿಗೆ ಹೋದರೆ, ಬರೆದ ರಸೀದಿಯ ಹಣ ಬ್ಯಾಂಕಿಗೆ ಸೇರಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಬರೆಯದೆ ಬಿಟ್ಟ ರಸೀದಿ, ಬರೆದು ರದ್ದು ಮಾಡಿದ ರಸೀದಿ, ರಿಯಾಯಿತಿಯೆಂದು ಅಳಿಸಿದ ಬಾಕಿ ಇವು ಆ ದಾರಿಯಲ್ಲಿ ಎದುರಾಗುವುದೇ ಇಲ್ಲ. ಹಾಗಾಗಿ ನಾನು ಹೊರಡುವುದು ವಿದ್ಯಾರ್ಥಿಗಳ ಸಂಖ್ಯೆಯಿಂದ. ಆ ಸಂಖ್ಯೆ ಶುಲ್ಕ ಕಟ್ಟಿಸಿಕೊಳ್ಳುವವರ ಕೈ ಮುಟ್ಟದ ಕಡೆಯಿಂದ ಬರಬೇಕು.

ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಪದವಿ ಕಾಲೇಜಾದರೆ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳ ದಾಖಲೆ ಇಡುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿರುವ ಸೆಮಿಸ್ಟರ್‌ವಾರು ವಿದ್ಯಾರ್ಥಿಪಟ್ಟಿಯೇ ನನ್ನ ಮೊದಲ ಆಧಾರ. ಅದನ್ನು ನನ್ನೆದುರಿಗೇ ಲಾಗಿನ್ ಮಾಡಿಸಿ ಇಳಿಸಿಕೊಳ್ಳುತ್ತೇನೆ. ಮೊದಲೇ ಎಕ್ಸೆಲ್ ಮಾಡಿಟ್ಟ ಪಟ್ಟಿ ಬೇಡ, ಸಾಲು ಅಳಿಸಿದರೆ ತಿಳಿಯುವುದಿಲ್ಲ. ಇಂಜಿನಿಯರಿಂಗ್‌ಗೆ ವಿಟಿಯು, ನರ್ಸಿಂಗ್ ಮತ್ತು ಫಿಸಿಯೋಥೆರಪಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ದಾಖಲಾತಿ ಪಟ್ಟಿ ಅದೇ ಕೆಲಸಕ್ಕೆ ಬರುತ್ತದೆ. ಇದರ ಜೊತೆಗೆ ಕಾಲೇಜಿನ ಅಡ್ಮಿಷನ್ ರಿಜಿಸ್ಟರ್, ಟಿಸಿ ಕೊಟ್ಟ ಪುಸ್ತಕ, ಒಂದೆರಡು ತರಗತಿಗಳ ಹಾಜರಿ ಇಟ್ಟುಕೊಂಡರೆ ಮಧ್ಯದಲ್ಲಿ ಬಿಟ್ಟುಹೋದವರು ಯಾರು, ತಡವಾಗಿ ಸೇರಿದವರು ಯಾರು ಎಂಬುದು ಬೇರ್ಪಡುತ್ತದೆ.

ಎರಡನೆಯದು ಶುಲ್ಕದ ದರ. ನೋಟಿಸ್ ಬೋರ್ಡಿನ ಪಟ್ಟಿಯನ್ನೋ ಪ್ರಾಸ್ಪೆಕ್ಟಸನ್ನೋ ನೆಚ್ಚಿಕೊಳ್ಳುವುದಿಲ್ಲ. ಆಡಳಿತ ಮಂಡಳಿಯ ಸಭೆಯ ನಡಾವಳಿಯಲ್ಲಿ ಆ ವರ್ಷದ ದರ ಮಂಜೂರಾದ ಪುಟ ನೋಡುತ್ತೇನೆ. ಆಮೇಲೆ ಸಾಫ್ಟ್‌ವೇರ್‌ನ ಫೀಸ್ ಮಾಸ್ಟರ್‌ನಲ್ಲಿ ಅದೇ ದರ ಕೂತಿದೆಯೇ ಎಂದು ಹೋಲಿಸುತ್ತೇನೆ. ವಿಶ್ವವಿದ್ಯಾಲಯದ ಪರೀಕ್ಷಾ ಶುಲ್ಕವನ್ನೂ ಕಾಶನ್ ಡೆಪಾಸಿಟನ್ನೂ ಇಲ್ಲೇ ಹೊರಗಿಡಬೇಕು. ಒಂದು ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಾದ ಹಣ, ಇನ್ನೊಂದು ವಿದ್ಯಾರ್ಥಿಗೆ ಹಿಂದಿರುಗಿಸಬೇಕಾದ ಹಣ. ಎರಡೂ ಆದಾಯವಲ್ಲ, ಆದರೂ ಶುಲ್ಕದ ಖಾತೆಗೇ ಜಮಾ ಆಗಿರುವುದು ಅಪರೂಪವೇನಲ್ಲ. ಹಾಗೆ ಸೇರಿಕೊಂಡಿದ್ದರೆ ಬೇರೆಡೆಯ ಕೊರತೆ ಅದರಡಿ ಮುಚ್ಚಿಹೋಗುತ್ತದೆ.

ಒಂದು ಬಿಕಾಂ ಕಾಲೇಜಿನ ಲೆಕ್ಕ ಹಿಡಿದು ಹೇಳುತ್ತೇನೆ. ಮೊದಲ ವರ್ಷಕ್ಕೆ 180 ವಿದ್ಯಾರ್ಥಿಗಳು, ತಲಾ 32,000 ರೂಪಾಯಿ. ಎರಡನೆಯ ವರ್ಷಕ್ಕೆ 171, ಮೂರನೆಯದಕ್ಕೆ 164, ಇವರಿಗೆ ತಲಾ 28,000. ಗುಣಿಸಿ ಕೂಡಿಸಿದರೆ ಬರಬೇಕಾದ ಶುಲ್ಕ 1,51,40,000 ರೂಪಾಯಿ. ರಿಯಾಯಿತಿ ಮಂಜೂರಾತಿ ಫೈಲಿನಲ್ಲಿದ್ದ ಮೊತ್ತ 6,20,000. ಮಾರ್ಚ್ 31ಕ್ಕೆ ಕಾಲೇಜು ಕೊಟ್ಟ ಬಾಕಿ ಪಟ್ಟಿಯ ಮೊತ್ತ 4,10,000. ಇವೆರಡನ್ನು ಕಳೆದರೆ ಆ ವರ್ಷದ ಶುಲ್ಕವಾಗಿ 1,41,10,000 ವಸೂಲಾಗಿರಬೇಕು. ಹಿಂದಿನ ವರ್ಷದ ಬಾಕಿ ವಸೂಲಿಯನ್ನೂ ಮುಂದಿನ ವರ್ಷದ ಮುಂಗಡವನ್ನೂ ಬೇರ್ಪಡಿಸಿದ ಮೇಲೆ ಪುಸ್ತಕದಲ್ಲಿ ಇದ್ದದ್ದು 1,37,26,000. ವ್ಯತ್ಯಾಸ 3,84,000.

ನೂರಕ್ಕೆ ಮೂರೂ ಆಗದ ವ್ಯತ್ಯಾಸ. ಇಷ್ಟಕ್ಕೆ ಬಿಟ್ಟುಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಇಲ್ಲಿ ವಿದ್ಯಾರ್ಥಿಗೆ ಒಂದು ಹೆಸರು, ಒಂದು ನೋಂದಣಿ ಸಂಖ್ಯೆ ಇದೆ, ಶುಲ್ಕ ನಿಗದಿಯಾಗಿದೆ. ಪ್ರತಿ ರೂಪಾಯಿಯ ವ್ಯತ್ಯಾಸವನ್ನೂ ಯಾವುದಾದರೊಂದು ಹೆಸರಿಗೆ ತಂದು ನಿಲ್ಲಿಸಬಹುದು. ಪೋರ್ಟಲ್‌ನ ಪಟ್ಟಿ ಒಂದು ಹಾಳೆಯಲ್ಲಿ, ಸಾಫ್ಟ್‌ವೇರ್‌ನ ವಿದ್ಯಾರ್ಥಿವಾರು ಲೆಡ್ಜರ್ ಇನ್ನೊಂದು ಹಾಳೆಯಲ್ಲಿ, ನೋಂದಣಿ ಸಂಖ್ಯೆಯಿಂದ ಜೋಡಿಸಿದರೆ ಅರ್ಧ ದಿನದ ಕೆಲಸ. ಹೆಸರಿನಿಂದ ಜೋಡಿಸಲು ಹೋಗಬಾರದು. ನಮ್ಮಲ್ಲಿ ಒಂದೇ ತರಗತಿಯಲ್ಲಿ ಮೂವರು ಪ್ರಜ್ವಲ್ ಶೆಟ್ಟಿಯರು ಇರುತ್ತಾರೆ.

ಹಾಗೆ ಜೋಡಿಸಿದಾಗ ಮೊದಲು ಎದ್ದು ಬಂದವರು ಐವರು. ಪ್ರಥಮ ವರ್ಷಕ್ಕೆ ಸೇರಿ 12,000ದ ಮೊದಲ ಕಂತು ಕಟ್ಟಿ, ಆಮೇಲೆ ಬಿಟ್ಟವರು. ಪೋರ್ಟಲ್‌ನಲ್ಲಿ ಹೆಸರಿದೆ, ಬಾಕಿ ಪಟ್ಟಿಯಲ್ಲಿಲ್ಲ. ತಲಾ 20,000ದಂತೆ ಒಂದು ಲಕ್ಷ ಇಲ್ಲಿಗೆ ಹೋಯಿತು. ಟಿಸಿ ತಾರೀಕು, ಹಾಜರಿ ನಿಂತ ತಿಂಗಳು, ಎರಡನೆಯ ಸೆಮಿಸ್ಟರಿಗೆ ಪರೀಕ್ಷಾ ಶುಲ್ಕ ಕಟ್ಟಿಲ್ಲದಿರುವುದು ಈ ಮೂರೂ ಹೊಂದಿದವು, ಒಪ್ಪಿಕೊಂಡೆ. ‘ಬಿಟ್ಟುಹೋದವರು’ ಎಂದು ತೋರಿಸಿದ ಹೆಸರಿಗೆ ಎರಡನೆಯ ಸೆಮಿಸ್ಟರಿನ ಹಾಲ್ ಟಿಕೆಟ್ ಬಂದಿದ್ದರೆ ಅಲ್ಲಿ ಬೇರೆಯೇ ಕಥೆಯಿರುತ್ತದೆ.

ಆಮೇಲೆ ನಾಲ್ವರು, ಹಿಂದಿನ ಮಾರ್ಚ್‌ನಲ್ಲೇ ಈ ವರ್ಷದ 28,000 ಕಟ್ಟಿದವರು. ಆಗ ಅದನ್ನು ಮುಂಗಡ ಶುಲ್ಕವೆಂದು ಹೊಣೆಯ ಖಾತೆಗೆ ಹಾಕಿದ್ದು ಸರಿ. ಏಪ್ರಿಲ್ ನಂತರ ಅಲ್ಲಿಂದ ತೆಗೆದು ಆದಾಯಕ್ಕೆ ಒಯ್ಯಲು ಮರೆತಿದ್ದರು. 1,12,000 ರೂಪಾಯಿ ಬ್ಯಾಲೆನ್ಸ್ ಶೀಟಿನಲ್ಲೇ ಕೂತಿತ್ತು. ದುಬೈ, ಮಸ್ಕತ್‌ನಲ್ಲಿರುವ ತಂದೆಯರು ವರ್ಷದ ಹಣ ಒಂದೇ ಸಲ ಕಳುಹಿಸುವ ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಇದು ಪದೇಪದೇ ಸಿಗುತ್ತದೆ. ಆ ಹಣ ಎಷ್ಟೋ ಸಲ ಮಾವನ ಅಥವಾ ಚಿಕ್ಕಪ್ಪನ ಖಾತೆಯಿಂದ ಬರುವುದರಿಂದ ಯಾವ ವಿದ್ಯಾರ್ಥಿಯದೆಂದು ತಿಳಿಯದೆ ಸಸ್ಪೆನ್ಸ್ ಖಾತೆಯಲ್ಲಿ ಉಳಿಯುವುದೂ ಇದೆ. ಆದ್ದರಿಂದ ಮುಂಗಡ ಮತ್ತು ಸಸ್ಪೆನ್ಸ್ ಎರಡರ ಹಳೆಯ ಶಿಲ್ಕನ್ನೂ ಹೆಸರುವಾರು ಕೇಳುತ್ತೇನೆ.

ಉಳಿದದ್ದು 1,72,000. ನಿಜವಾದ ಕೆಲಸ ಶುರುವಾಗುವುದು ಇಲ್ಲಿ, ಏಕೆಂದರೆ ಇದು ರಿಯಾಯಿತಿಗೆ ಸೇರಿದ್ದು.

ರಿಯಾಯಿತಿಯನ್ನು ಎರಡು ಕಡೆಯಿಂದ ನೋಡಬೇಕು. ಮಂಜೂರಾತಿ ಪತ್ರ ಹಿಡಿದು ಸಾಫ್ಟ್‌ವೇರ್‌ಗೆ ಹೋದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಪತ್ರವಿದ್ದದ್ದನ್ನು ನಮೂದಿಸಿರುತ್ತಾರೆ. ತಪ್ಪು ಸಿಗುವುದು ಹಿಮ್ಮುಖವಾಗಿ ಬಂದಾಗ: ಸಾಫ್ಟ್‌ವೇರ್‌ನಲ್ಲಿ ರಿಯಾಯಿತಿ ಎಂದು ಬಾಕಿ ಇಳಿಸಿದ ಪ್ರತಿ ನಮೂದಿಗೂ ಪತ್ರ ಇದೆಯೇ? ಈ ಕಾಲೇಜಿನಲ್ಲಿ ಸಾಫ್ಟ್‌ವೇರ್‌ನ ಒಟ್ಟು ರಿಯಾಯಿತಿ 7,92,000, ಫೈಲಿನಲ್ಲಿ 6,20,000. ಹೆಚ್ಚುವರಿ 1,72,000 ಒಂಬತ್ತು ವಿದ್ಯಾರ್ಥಿಗಳ ಹೆಸರಿನಲ್ಲಿತ್ತು. ನಾಲ್ವರದು, 80,000, ಸಂಚಾಲಕರು ಬಾಯಿಮಾತಿನಲ್ಲಿ ಒಪ್ಪಿದ್ದು. ಕಬಡ್ಡಿ ತಂಡದ ಇಬ್ಬರು, ಸಿಬ್ಬಂದಿಯ ಮಕ್ಕಳಿಬ್ಬರು. ಬಾಯಿಮಾತು ನನಗೆ ಸಾಕ್ಷಿಯಾಗುವುದಿಲ್ಲ. ಸಂಚಾಲಕರಿಂದ ಲಿಖಿತ ದೃಢೀಕರಣ ನೇರವಾಗಿ ಪಡೆದುಕೊಂಡೆ. ನಂತರದ ಮಂಡಳಿ ಸಭೆಯಲ್ಲಿ ಅದನ್ನು ದಾಖಲಿಸಿದರು.

ಇನ್ನುಳಿದ ಐವರ 92,000ಕ್ಕೆ ಯಾರ ಒಪ್ಪಿಗೆಯೂ ಇರಲಿಲ್ಲ. ಈ ಐವರ ಲೆಡ್ಜರ್‌ನಲ್ಲಿ ಒಂದೇ ಕ್ರಮ ಕಂಡಿತು. ಎರಡನೆಯ ಕಂತು ನಗದಾಗಿ ಬಂದಿದೆ, ಪ್ರಥಮ ವರ್ಷದ ಮೂವರಿಂದ 20,000ದಂತೆ, ದ್ವಿತೀಯದ ಇಬ್ಬರಿಂದ 16,000ದಂತೆ. ರಸೀದಿ ಮುದ್ರಣವಾಗಿದೆ. ಅದೇ ಸಂಜೆ ‘ಎರಡು ಸಲ ಪ್ರಿಂಟ್ ಆಗಿದೆ’ ಎಂಬ ಕಾರಣಕ್ಕೆ ರಸೀದಿ ರದ್ದಾಗಿದೆ. ಹತ್ತು ಹದಿನೈದು ದಿನ ಬಿಟ್ಟು ಅಷ್ಟೇ ಮೊತ್ತದ ರಿಯಾಯಿತಿ ನಮೂದು. ದಿನದ ವಸೂಲಿ ಪಟ್ಟಿಯಲ್ಲಿ ರದ್ದಾದ ರಸೀದಿ ಸೇರುವುದಿಲ್ಲವಾದ್ದರಿಂದ ಬ್ಯಾಂಕಿಗೆ ಕಟ್ಟಿದ ಹಣಕ್ಕೂ ಪಟ್ಟಿಗೂ ಪ್ರತಿದಿನ ತಾಳೆಯಾಗಿದೆ. ಬಾಕಿ ಸೊನ್ನೆಯಾದ್ದರಿಂದ ವಿದ್ಯಾರ್ಥಿಗೆ ನೋ ಡ್ಯೂ ಸಿಕ್ಕಿದೆ, ಹಾಲ್ ಟಿಕೆಟ್ ಸಿಕ್ಕಿದೆ. ಹೆತ್ತವರ ಕೈಯಲ್ಲಿ ಪೂರ್ತಿ ಮೊತ್ತದ ರಸೀದಿ ಇದೆ. ದೂರು ಕೊಡುವವರೇ ಇಲ್ಲ. ರಸೀದಿಯಿಂದ ಹೊರಟ ಆಡಿಟ್‌ಗೆ ಇದು ಎಂದೂ ಕಾಣುವುದಿಲ್ಲ.

ಹಿಡಿಯಲು ಮೂರು ಸುಳಿವುಗಳಿದ್ದವು. ರಸೀದಿ ರದ್ದಾದರೆ ವಿದ್ಯಾರ್ಥಿಗೆ ಕೊಟ್ಟ ಮೂಲ ಪ್ರತಿ ವಾಪಸು ಬಂದು ಫೈಲಿನಲ್ಲಿರಬೇಕು, ಇಲ್ಲಿ ಇರಲಿಲ್ಲ. ನಿಜಕ್ಕೂ ಎರಡು ಸಲ ಪ್ರಿಂಟ್ ಆಗಿದ್ದರೆ ಅದೇ ದಿನ ಅದೇ ವಿದ್ಯಾರ್ಥಿಯ ಹೆಸರಿನಲ್ಲಿ ಇನ್ನೊಂದು ಸಿಂಧು ರಸೀದಿ ಇರಬೇಕಿತ್ತು, ಅದೂ ಇರಲಿಲ್ಲ. ಮತ್ತೆ, ರಸೀದಿ ಮಾಡಿದ, ರದ್ದು ಮಾಡಿದ, ರಿಯಾಯಿತಿ ಹಾಕಿದ ಲಾಗಿನ್ ಒಂದೇ ಆಗಿತ್ತು. ಆದ್ದರಿಂದ ರದ್ದಾದ ರಸೀದಿಗಳನ್ನು ನಾನು ಸ್ಯಾಂಪಲ್ ಮಾಡುವುದಿಲ್ಲ, ಎಲ್ಲವನ್ನೂ ನೋಡುತ್ತೇನೆ. ಒಂದು ವರ್ಷದಲ್ಲಿ ಅವು ನೂರು ದಾಟುವುದು ಕಡಿಮೆ. ಸಿಂಧು ರಸೀದಿಗಳು ಸಾವಿರಾರು, ಅಲ್ಲಿ ಸ್ಯಾಂಪಲ್ ಸಾಕು.

ವಿದ್ಯಾರ್ಥಿಗಳನ್ನು ಕೇಳಿ ನೋಡುವುದೂ ಬೇಕಾಗುತ್ತದೆ, ಆದರೆ ಐವರನ್ನೇ ಕರೆಸಿದರೆ ಕ್ಯಾಂಪಸ್ಸಿನಲ್ಲಿ ಗುಲ್ಲಾಗುತ್ತದೆ, ಆ ಮಕ್ಕಳ ಮೇಲೆ ಇಲ್ಲದ ಸಂಶಯ ಬರುತ್ತದೆ. ಈ ಐವರೂ ಸೇರಿದಂತೆ ಸುಮಾರು ನಲವತ್ತು ಮಂದಿಗೆ, ‘ನಮ್ಮ ದಾಖಲೆ ಪ್ರಕಾರ ನೀವು ಈ ವರ್ಷ ಕಟ್ಟಿದ ಶುಲ್ಕ ಇಷ್ಟು, ಪಡೆದ ರಿಯಾಯಿತಿ ಇಷ್ಟು. ಸರಿ ಇಲ್ಲದಿದ್ದರೆ ರಸೀದಿಯ ಫೋಟೋದೊಂದಿಗೆ ತಿಳಿಸಿ’ ಎಂದು ಪತ್ರ ಕಳುಹಿಸಿದೆ. ಉತ್ತರ ಬರಬೇಕಾದದ್ದು ನಮ್ಮ ಕಚೇರಿಗೆ, ಕಾಲೇಜಿಗಲ್ಲ. ಐವರೂ ರಸೀದಿ ಕಳುಹಿಸಿದರು. ರಸೀದಿ ಸಂಖ್ಯೆಗಳು ರದ್ದಾದವುಗಳದ್ದೇ.

ರಿಯಾಯಿತಿಯಲ್ಲಿ ಇನ್ನೊಂದು ಜಾಗವಿದೆ. ಊರಿನ ದಾನಿಗಳೋ ಸಮುದಾಯದ ಟ್ರಸ್ಟ್‌ಗಳೋ ಬಡ ವಿದ್ಯಾರ್ಥಿಯ ಹೆಸರಿಗೆ ಚೆಕ್ ಕೊಡುವುದು ಮಂಗಳೂರು, ಉಡುಪಿಯಲ್ಲಿ ಬಹಳ. ಅದೇ ವಿದ್ಯಾರ್ಥಿಗೆ ಕಾಲೇಜೂ ರಿಯಾಯಿತಿ ತೋರಿಸಿದ್ದರೆ ದಾನಿಯ ಚೆಕ್ ಎಲ್ಲಿ ಜಮಾ ಆಯಿತೆಂದು ಕೇಳಬೇಕು. ಇದಕ್ಕಾಗಿ ಸಂಸ್ಥೆಯ ಪ್ಯಾನ್‌ಗೆ ಸೇರಿದ ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ ಬೇಕು. ಹಳೆಯ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕ್ ಖಾತೆಗಳು 2020ರ ಏಪ್ರಿಲ್ 1ರ ವಿಲೀನದಲ್ಲಿ ಕೆನರಾ, ಯೂನಿಯನ್ ಬ್ಯಾಂಕಿಗೆ ಹೋದವು. ಆಗ ಬಳಕೆಯಲ್ಲಿಲ್ಲವೆಂದು ಪುಸ್ತಕದಿಂದ ಬಿಟ್ಟ ಖಾತೆ ಇವತ್ತಿಗೂ ಜೀವಂತವಿರಬಹುದು. ಬ್ಯಾಂಕಿನಿಂದ ನೇರ ದೃಢೀಕರಣ ಪತ್ರ ತರಿಸಿದರೆ ಅದು ಹೊರಬರುತ್ತದೆ.

ಈ ಕ್ರಮಕ್ಕೆ ಮಿತಿಯೂ ಇದೆ. ನಿಗದಿಯಾದ ಶುಲ್ಕಕ್ಕಿಂತ ಹೆಚ್ಚಾಗಿ, ರಸೀದಿಯಿಲ್ಲದೆ ಪಡೆದ ಹಣ ಇದರಲ್ಲಿ ಸಿಗದು, ಗುಣಾಕಾರದಲ್ಲಿ ಅದು ಸೇರಿಯೇ ಇರುವುದಿಲ್ಲ. ಸರ್ಟಿಫಿಕೇಟ್ ಕೋರ್ಸ್, ಬಸ್, ಟಿಸಿ ಶುಲ್ಕಗಳಿಗೂ ಪ್ರತ್ಯೇಕ ಎಣಿಕೆ ಬೇಕು: ಬಸ್ಸಿಗೆ ಪಾಸ್ ಸಂಖ್ಯೆ, ಕೋರ್ಸಿಗೆ ಕೊಟ್ಟ ಪ್ರಮಾಣಪತ್ರಗಳ ಸಂಖ್ಯೆ.

ವರದಿಯಲ್ಲಿ 3,84,000ವನ್ನು ಒಟ್ಟಾಗಿ ಬರೆಯಲಿಲ್ಲ. ಬಿಟ್ಟುಹೋದವರದು 1,00,000, ಆದಾಯಕ್ಕೆ ವರ್ಗಾಯಿಸಬೇಕಾದ ಮುಂಗಡ 1,12,000, ತಡವಾಗಿ ದೃಢಪಟ್ಟ ರಿಯಾಯಿತಿ 80,000, ಬ್ಯಾಂಕಿಗೆ ಕಟ್ಟದ ನಗದು 92,000 ಎಂದು ನಾಲ್ಕು ಸಾಲಿನಲ್ಲಿ, ನೋಂದಣಿ ಸಂಖ್ಯೆ ಮತ್ತು ರಸೀದಿ ಸಂಖ್ಯೆಗಳೊಂದಿಗೆ ಕೊಟ್ಟೆ. ಕೊನೆಯದನ್ನು ಪ್ರಾಂಶುಪಾಲರಿಗಲ್ಲದೆ ಆಡಳಿತ ಮಂಡಳಿಗೂ ಲಿಖಿತವಾಗಿ ತಿಳಿಸಿದೆ. ಕಾಲೇಜು ಅದೇ ವಾರ ಕೌಂಟರಿನ ಲಾಗಿನ್‌ನಿಂದ ರದ್ದು ಮಾಡುವ ಮತ್ತು ರಿಯಾಯಿತಿ ಹಾಕುವ ಅಧಿಕಾರ ತೆಗೆಯಿತು. ಈಗ ರದ್ದು ಮಾಡಬೇಕಾದರೆ ವಿದ್ಯಾರ್ಥಿಯ ಮೂಲ ರಸೀದಿ ಲಗತ್ತಿಸಿ ಪ್ರಾಂಶುಪಾಲರ ಲಾಗಿನ್‌ನಿಂದಲೇ ಮಾಡಬೇಕು.