ನೂರಕ್ಕೆ ಒಂದೂವರೆ: ನನ್ನ ಪಿಂಚಣಿ ಲೆಕ್ಕ

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 2015ರಲ್ಲಿ, ಮೂವತ್ತು ತುಂಬಿದಾಗ, ಒಂದು ಪಿಂಚಣಿ ಯೋಜನೆಗೆ ಸೇರಿದೆ. ತಿಂಗಳಿಗೆ 5,000 ರೂಪಾಯಿಯಂತೆ ಅರವತ್ತು ವರ್ಷದವರೆಗೆ ಕಟ್ಟಬೇಕು. ಎಲ್ಲ ಖರ್ಚು ಸೇರಿ ವರ್ಷಕ್ಕೆ ನೂರಕ್ಕೆ ಒಂದೂವರೆ ರೂಪಾಯಿ ಹಿಡಿಯುತ್ತೇವೆ ಎಂದರು. ಮಂಡಿಯಲ್ಲಿ ಅದಕ್ಕಿಂತ ಜಾಸ್ತಿ ಕಮಿಷನ್ ದಿನವೂ ನೋಡುವವನು ನಾನು. ಸರಿ ಬಿಡಿ ಎಂದು ಸಹಿ ಹಾಕಿದೆ.

ಏಳು ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ. 2022ರಲ್ಲಿ ಒಂದು ಭಾನುವಾರ ವರ್ಷದ ಸ್ಟೇಟ್‌ಮೆಂಟ್ ಹಿಡಿದು ಕೂತೆ. ಖಾತೆಯಲ್ಲಿ ಸುಮಾರು 5.4 ಲಕ್ಷ ಇತ್ತು. ಶುಲ್ಕ ಎಷ್ಟು ಹಿಡಿದಿದ್ದಾರೆ ಎಂದು ಸಾಲು ಸಾಲು ಹುಡುಕಿದೆ. ಅಂಥ ಸಾಲೇ ಇರಲಿಲ್ಲ. ನನ್ನ ದುಡ್ಡಿಗೆ ಬಂದ ಯೂನಿಟ್, ಅಂದರೆ ಫಂಡಿನ ಪಾಲು, ಎಷ್ಟು, ಒಂದು ಯೂನಿಟ್‌ನ ಬೆಲೆ ಎಷ್ಟು, ಅಷ್ಟೇ ಇತ್ತು. ಶುಲ್ಕವನ್ನು ದಿನದ ಲೆಕ್ಕದಲ್ಲಿ ಮೊದಲೇ ಕಳೆದು, ಉಳಿದದ್ದನ್ನೇ ಯೂನಿಟ್ ಬೆಲೆ ಎಂದು ತೋರಿಸುತ್ತಾರೆ. ನನ್ನ 5.4 ಲಕ್ಷಕ್ಕೆ ದಿನಕ್ಕೆ ಸುಮಾರು 22 ರೂಪಾಯಿ. ರಸೀದಿ ಇಲ್ಲದೆ ಹೋಗುವ ದುಡ್ಡು ಕಣ್ಣಿಗೆ ಬೀಳುವುದು ಹೇಗೆ?

ಕೂತಲ್ಲೇ ಎಕ್ಸೆಲ್ ತೆಗೆದೆ. ಸುಲಭವಾಗಲಿ ಎಂದು ವರ್ಷದ ಕೊನೆಗೆ ಒಂದೇ ಸಲ 60,000 ಕಟ್ಟಿದಂತೆ ಹಿಡಿದೆ. ಹೂಡಿಕೆ ವರ್ಷಕ್ಕೆ ಶೇ 10 ಬೆಳೆಯುತ್ತದೆ ಎಂದುಕೊಂಡೆ. ಶುಲ್ಕ ಕಳೆದರೆ ಕೈಗೆ ಬರುವುದು 8.5.

```
=FV(10%,30,-60000)
=FV(8.5%,30,-60000)
```

ಮೊದಲನೆಯದು 98.7 ಲಕ್ಷ. ಎರಡನೆಯದು 74.5 ಲಕ್ಷ. ತಪ್ಪಾಗಿರಬೇಕು ಎಂದು ಮತ್ತೆ ಹಾಕಿದೆ, ಅದೇ ಬಂತು. ಮೂವತ್ತು ವರ್ಷದಲ್ಲಿ ನಾನು ಜೇಬಿನಿಂದ ಕಟ್ಟುವುದೇ 18 ಲಕ್ಷ. ಶುಲ್ಕದಿಂದ ಕಡಿಮೆಯಾಗುವುದು 24 ಲಕ್ಷ!

ನಾನು ಎಡವಿದ್ದು ಮಂಡಿಯ ಲೆಕ್ಕವನ್ನು ಇಲ್ಲಿಗೆ ತಂದದ್ದರಲ್ಲಿ. ಮಂಡಿಯಲ್ಲಿ ಒಂದು ಚೀಲಕ್ಕೆ ಕಮಿಷನ್ ಒಂದೇ ಸಲ, ಮಾರಿದಾಗ. ಇಲ್ಲಿ ಹಾಗಲ್ಲ. ಗೋದಾಮಿನಲ್ಲಿ ಇರುವ ಎಲ್ಲ ಚೀಲಕ್ಕೂ ಪ್ರತಿ ವರ್ಷ ಕಮಿಷನ್. ಮೊದಲ ವರ್ಷ ಹಾಕಿದ ಚೀಲಕ್ಕೆ ಮೂವತ್ತು ವರ್ಷವೂ ಕೊಡುತ್ತಲೇ ಇರಬೇಕು. ಮೊದಮೊದಲು ಚೀಲ ಕಡಿಮೆ, ಹಾಗಾಗಿ ಗೊತ್ತಾಗುವುದಿಲ್ಲ. 60,000ಕ್ಕೆ ವರ್ಷಕ್ಕೆ 900 ರೂಪಾಯಿ, ಅಷ್ಟೇ. ಖಾತೆ 40 ಲಕ್ಷ ಮುಟ್ಟಿದಾಗ ವರ್ಷದ ಶುಲ್ಕವೇ 60,000. ನನ್ನ ಲೆಕ್ಕದಲ್ಲಿ ಅದು 24ನೇ ವರ್ಷದ ಹೊತ್ತಿಗೆ. ಅಲ್ಲಿಂದ ಮುಂದೆ ನಾನು ಕಟ್ಟುವುದಕ್ಕಿಂತ ಅವರು ಹಿಡಿಯುವುದೇ ಜಾಸ್ತಿ. ಅದರ ಜೊತೆಗೆ, ಹಿಡಿದ ಆ ದುಡ್ಡು ನನ್ನ ಹತ್ತಿರವೇ ಇದ್ದಿದ್ದರೆ ಬೆಳೆಯುತ್ತಿತ್ತಲ್ಲ, ಆ ಬೆಳೆಯೂ ಹೋಯಿತು.

ಇದೇ ಗೊಂದಲ ನಮ್ಮ ಭಾವನಿಗೂ ಇತ್ತು. ಒಂದು ಯೋಜನೆಯಲ್ಲಿ ಪ್ರತಿ ಕಂತಿನಿಂದ ನೂರಕ್ಕೆ ಎರಡು ರೂಪಾಯಿ ಮುರಿದುಕೊಳ್ಳುತ್ತಾರೆ ಎಂದು ಸಿಟ್ಟಾಗಿದ್ದರು. "ಎರಡಕ್ಕಿಂತ ಒಂದೂವರೆ ಕಮ್ಮಿ ಅಲ್ವಾ?" ಎಂದು ಕೇಳಿದರು. ನಾನು ಹಾಳೆಯ ಮೇಲೆ ಬರೆದು ತೋರಿಸಿದೆ. ಕಂತಿನ ಮೇಲೆ ಒಂದೇ ಸಲ ಎರಡು ಹೋದರೆ, ಕೊನೆಯ ಮೊತ್ತದಲ್ಲೂ ಹೋಗುವುದು ನೂರಕ್ಕೆ ಎರಡೇ. 98.7 ಲಕ್ಷ 96.7 ಆಗುತ್ತದೆ. ವರ್ಷ ವರ್ಷ ಒಂದೂವರೆ ಹೋದರೆ ಕೊನೆಗೆ ನೂರಕ್ಕೆ ಇಪ್ಪತ್ತನಾಲ್ಕೂವರೆ ಹೋಗುತ್ತದೆ.

ಹಳೆಯ ದುಡ್ಡನ್ನು ತೆಗೆಯಲು ಹೋದರೆ ದಂಡವೂ ಇತ್ತು, ತೆರಿಗೆಯೂ ಇತ್ತು. ಹಾಗಾಗಿ ಅದನ್ನು ಅಲ್ಲೇ ಬಿಟ್ಟು, ಹೊಸ ಕಂತನ್ನು ಮಾತ್ರ ಸರ್ಕಾರದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ಗೆ ತಿರುಗಿಸಿದೆ. ಆಗ ಅಲ್ಲಿ ಹೂಡಿಕೆ ನಿರ್ವಹಣೆಯ ಶುಲ್ಕ ವರ್ಷಕ್ಕೆ ಶೇ 0.09 ಮೀರುತ್ತಿರಲಿಲ್ಲ. ಲೆಕ್ಕಕ್ಕೆ 0.1 ಎಂದು ಇಟ್ಟುಕೊಂಡೆ. ಹಳೆಯದು ಹೊಸದು ಎರಡೂ ಸೇರಿ ಅರವತ್ತಕ್ಕೆ ಸುಮಾರು 82.6 ಲಕ್ಷ ಬರುತ್ತದೆ. ಸುಮ್ನೆ ಇದ್ದಿದ್ದರೆ 74.5. ಎನ್‌ಪಿಎಸ್‌ನಲ್ಲಿ ಕೊನೆಗೆ ಒಂದು ಭಾಗಕ್ಕೆ ಪಿಂಚಣಿಯನ್ನೇ ಕೊಳ್ಳಬೇಕು, ಎಲ್ಲ ದುಡ್ಡೂ ಕೈಗೆ ಸಿಗುವುದಿಲ್ಲ. ಅದು ಗೊತ್ತಿದ್ದೇ ಹೋದೆ.

ನೀವು ಈ ಲೆಕ್ಕ ಹಾಕುವುದಾದರೆ ಒಂದು ಕಡೆ ಎಚ್ಚರ ಬೇಕು, ನಾನೂ ಅಲ್ಲಿ ತಪ್ಪಿದ್ದೆ. ಫಂಡ್‌ನವರು ಪ್ರಕಟಿಸುವ ಯೂನಿಟ್ ಬೆಲೆಯ ಬೆಳವಣಿಗೆಯಲ್ಲಿ ಶುಲ್ಕ ಮೊದಲೇ ಕಳೆದಿರುತ್ತದೆ. ಅದರಿಂದ ಮತ್ತೆ ಒಂದೂವರೆ ಕಳೆದರೆ ಎರಡು ಸಲ ಕಳೆದಂತೆ. ಇನ್ನು ಹೋಲಿಸುವಾಗ ಒಂದೇ ಜಾತಿಯ ಫಂಡ್‌ಗಳನ್ನೇ ಹೋಲಿಸಬೇಕು. ಶುಲ್ಕ ಕಡಿಮೆ ಎಂದು ಷೇರಿನ ಫಂಡ್ ಪಕ್ಕ ಸಾಲಪತ್ರದ ಫಂಡ್ ಇಟ್ಟರೆ ಲೆಕ್ಕಕ್ಕೆ ಅರ್ಥವಿಲ್ಲ. ಶೇ 10 ಬೆಳೆಯುತ್ತದೆ ಎನ್ನುವುದೂ ನನ್ನ ಊಹೆ. ಮಾರುಕಟ್ಟೆ ಬಿದ್ದ ವರ್ಷವೂ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಏಪ್ರಿಲ್‌ನಲ್ಲಿ, ಮಂಡಿಯ ಹೊಸ ಲೆಕ್ಕದ ಪುಸ್ತಕ ತೆಗೆಯುವ ವಾರವೇ, ಎರಡೂ ಯೋಜನೆಗಳ ಶುಲ್ಕ ಎಷ್ಟಾಗಿದೆ ಎಂದು ನೋಡಿ ಬರೆದಿಡುತ್ತೇನೆ.