ಕಣ್ಣು ಕೆಂಪಾಗಿದೆ: ನಾಳೆ ನೋಡೋಣವಾ, ಇವತ್ತೇ ಹೋಗಬೇಕಾ?

ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಕಣ್ಣು ಮುಚ್ಚಿಕೊಂಡು ಬರುವವರು ಜಾಸ್ತಿ. ಹಣ್ಣು ಕೀಳಲು ಬಗ್ಗಿಸಿದ ಕಾಫಿ ಗಿಡದ ರೆಕ್ಕೆ ಕೈ ಜಾರಿ ವಾಪಸ್ ಚಿಮ್ಮುತ್ತದೆ, ಕಣ್ಣಿಗೇ ಬಡಿಯುತ್ತದೆ. ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಗ ಬೇಜಾರಾಗುತ್ತಿದ್ದದ್ದು ಇವರಿಗೆ ಪೆಟ್ಟು ಬಿದ್ದದ್ದಕ್ಕಲ್ಲ. ಬಹಳ ಜನ ಎಂಟು ದಿನ ಕಳೆದ ಮೇಲೆ, ಕೈಯಲ್ಲಿ ಯಾವುದೋ ಡ್ರಾಪ್ಸ್ ಬಾಟಲಿ ಹಿಡಿದು ಬರುತ್ತಿದ್ದರು. ಅದಕ್ಕೆ.

ಕೆಂಪಾದ ಕಣ್ಣೆಲ್ಲ ಅಪಾಯವಲ್ಲ. ಮನೆಯಲ್ಲೇ ಐದು ನಿಮಿಷದಲ್ಲಿ ವಿಂಗಡಿಸಬಹುದು.

ಮೊದಲು: ಏನಾಯಿತು ಅಂತ ಕೇಳಿ

ಒಲೆಯ ಹೊಗೆ, ಧೂಳು, ನಿದ್ದೆಗೇಡು, ಮನೆಯಲ್ಲಿ ಇನ್ನಿಬ್ಬರಿಗೆ ಮದ್ರಾಸ್ ಐ: ಇಂಥದ್ದಾದರೆ ಮುಂದಿನ ಹಂತಕ್ಕೆ ಹೋಗಿ. ಕಡ್ಡಿ, ಎಲೆ, ಭತ್ತದ ಹೊಟ್ಟು ತಾಗಿದೆ, ಕಳೆ ಕೊಚ್ಚುವ ಮಿಷನ್ನಿನಿಂದ ಏನೋ ಸಿಡಿದಿದೆ, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದರೆ ಅನುಮಾನವೇ ಬೇಡ. ನೋವೋ ಮಂಜೋ ಇದ್ದರೆ ಅವತ್ತೇ ಹೊರಡಿ. ಲೆನ್ಸ್ ತೆಗೆದುಬಿಡಿ, ಮತ್ತೆ ಹಾಕಬೇಡಿ.

ಒಂದಕ್ಕೆ ಮಾತ್ರ ಈ ವಿಚಾರಣೆಯೂ ಬೇಡ. ಬೋರ್ಡೋ ದ್ರಾವಣ, ಸುಣ್ಣ ಕಣ್ಣಿಗೆ ಹಾರಿದರೆ ಕೂಡಲೇ ನಲ್ಲಿ ಕೆಳಗೆ ಹಿಡಿಯಿರಿ. ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಹರಿಸಿ, ಆಮೇಲೆ ಗಾಡಿ ಹತ್ತಿ. ಸುಣ್ಣ ಕಣ್ಣನ್ನು ಸುಡುತ್ತಲೇ ಇರುತ್ತದೆ, ಆಸ್ಪತ್ರೆ ತಲುಪುವವರೆಗೆ ಕಾಯುವುದಿಲ್ಲ.

ಎರಡನೆಯದು: ಒಂದೊಂದೇ ಕಣ್ಣಲ್ಲಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. 'ಕಣ್ಣು ಕಾಣುತ್ತಾ?' ಅಂತ ಕೇಳಿದರೆ 'ಹೂಂ, ಚೆನ್ನಾಗಿ ಕಾಣುತ್ತೆ' ಅನ್ನುತ್ತಾರೆ. ಕಾಣುತ್ತಿರುವುದು ಒಳ್ಳೆಯ ಕಣ್ಣಿಗೆ! ಎರಡೂ ತೆರೆದಿದ್ದರೆ ಒಂದು ಮಂಜಾಗಿರುವುದು ಗೊತ್ತೇ ಆಗುವುದಿಲ್ಲ.

ಗೋಡೆಯ ಕ್ಯಾಲೆಂಡರ್ ಸಾಕು. ಹತ್ತು ಹೆಜ್ಜೆ ದೂರ ನಿಲ್ಲಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಮೊದಲು ಕೆಂಪು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒಳ್ಳೆಯ ಕಣ್ಣಿಂದ ಎಷ್ಟು ಚಿಕ್ಕ ಅಕ್ಷರ ಓದಲಾಗುತ್ತೆ ನೋಡಿ. ಆಮೇಲೆ ಕೈ ಬದಲಿಸಿ. ಬೆರಳಿಂದ ಮುಚ್ಚಬೇಡಿ, ಸಂದಿಯಲ್ಲಿ ಇಣುಕಿಬಿಡುತ್ತೀರಿ. ಒತ್ತಲೂ ಬೇಡಿ, ಒತ್ತಿದ ಕಣ್ಣು ಸ್ವಲ್ಪ ಹೊತ್ತು ಮಬ್ಬಾಗಿಯೇ ಕಾಣುತ್ತದೆ.

ಕೆಂಪು ಕಣ್ಣಲ್ಲಿ ಅಕ್ಷರ ಮಬ್ಬಾಗಿದ್ದರೆ ನಾಲ್ಕೈದು ಸಲ ರೆಪ್ಪೆ ಬಡಿಯಿರಿ, ಪಿಚ್ಚು ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ನೋಡಿ. ತಿಳಿಯಾಯಿತಾ? ಹಾಗಾದರೆ ಅದು ನೀರಿನದೋ ಪಿಚ್ಚಿನದೋ ಮಬ್ಬು. ಒರೆಸಿದರೂ ಹೋಗದ ಮಂಜು ಕಣ್ಣಿನೊಳಗಿನದು, ಇಲ್ಲವೇ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರದ್ದು. ಆ ಪದರವೇ ಕಾರ್ನಿಯಾ. ಅಂಥ ಮಂಜಿದ್ದರೆ ನೋವು ಕಡಿಮೆ ಇದ್ದರೂ ಅವತ್ತೇ ಹೋಗಬೇಕು.

ಮೂರನೆಯದು: ನೋವಾ, ನವೆಯಾ?

ನವೆ, ಉರಿ, ಮರಳು ಬಿದ್ದ ಹಾಗೆ ಕಿರಿಕಿರಿ, ಎರಡೂ ಕಣ್ಣು ಕೆಂಪು, ಬೆಳಿಗ್ಗೆ ಅಂಟಿಕೊಳ್ಳುವ ರೆಪ್ಪೆ: ಇವು ಸಾಮಾನ್ಯ ಕೆಂಗಣ್ಣಿನ ಲಕ್ಷಣ. ತಣ್ಣೀರಿನ ಬಟ್ಟೆ ಇಟ್ಟರೆ ಹಿತವಾಗುತ್ತದೆ. ಆದರೆ ಆಳದಲ್ಲಿ ಸಿಡಿಯುವ ನೋವು, ನಿದ್ದೆ ಕೆಡಿಸುವ ನೋವು, ಬೆಳಕು ಕಂಡರೆ ಮುಖ ತಿರುಗಿಸುವಷ್ಟು ನೋವು ಬೇರೆ. ಟಾರ್ಚನ್ನು ಒಳ್ಳೆಯ ಕಣ್ಣಿಗೆ ಬಿಟ್ಟಾಗ, ಮುಚ್ಚಿಕೊಂಡ ಕೆಂಪು ಕಣ್ಣೂ ನೋಯುತ್ತಿದ್ದರೆ ಒಳಗೇ ಊತವಿದೆ ಅಂತ ಅನುಮಾನ ಪಡಿ.

ನಾಲ್ಕನೆಯದು: ಟಾರ್ಚ್ ಹಿಡಿದು ನೋಡಿ

ಕೆಂಪು ಎಲ್ಲಿದೆ? ಅಂಚಿನ ಕಡೆ, ರೆಪ್ಪೆಯ ಒಳಗೆ ಜಾಸ್ತಿ ಇದ್ದರೆ ಸಮಾಧಾನ. ಕರಿಗುಡ್ಡೆಯ ಸುತ್ತ ಬಳೆ ತೊಡಿಸಿದ ಹಾಗಿದ್ದರೆ ಅಪಾಯ. ಕರಿಗುಡ್ಡೆಯ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ ಕಂಡರೆ ಅದು ಹುಣ್ಣು ಅಂತಲೇ ತಿಳಿದು ಹೊರಡಿ. ಚುಕ್ಕೆ ಕಾಣದಿದ್ದರೆ ಹುಣ್ಣಿಲ್ಲ ಅಂತಲ್ಲ. ಗೀರು ಕಾಣಿಸಬೇಕಾದರೆ ಆಸ್ಪತ್ರೆಯಲ್ಲಿ ಬಣ್ಣದ ಕಾಗದ ತಾಗಿಸಿ ನೀಲಿ ಬೆಳಕಲ್ಲಿ ನೋಡಬೇಕು, ಆಗ ಹಸಿರಾಗಿ ಹೊಳೆಯುತ್ತದೆ.

ತಮಾಷೆ ಏನೆಂದರೆ, ಬಿಳಿಗುಡ್ಡೆಯಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗೆ ಕಡುಕೆಂಪು ಮಚ್ಚೆ ಕಂಡರೆ ಜನ ಓಡಿ ಬರುತ್ತಾರೆ. ಪೆಟ್ಟಾಗಿಲ್ಲ, ನೋವಿಲ್ಲ, ಮಂಜಿಲ್ಲ ಅಂದರೆ ಅದು ಎರಡು ಮೂರು ವಾರದಲ್ಲಿ ತಾನೇ ಕರಗುತ್ತದೆ. ಇನ್ನೊಂದರಲ್ಲಿ ತಿರುವುಮುರುವು. ವಯಸ್ಸಾದವರಿಗೆ ಒಂದು ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ 'ಪಿತ್ತ' ಅಂತ ನಿಂಬೆ ಪಾನಕ ಕೊಟ್ಟು ಮಲಗಿಸುತ್ತಾರೆ. ಅದು ಕಣ್ಣಿನ ಒತ್ತಡ ಏಕಾಏಕಿ ಏರಿದ್ದಿರಬಹುದು. ರಾತ್ರಿಯಾದರೂ ಕರೆದೊಯ್ಯಿರಿ.

ಐದನೆಯದು: ಏನೂ ಹಾಕಬೇಡಿ

ನಂದಿಬಟ್ಟಲ ರಸ ಬೇಡ, ಎದೆಹಾಲು ಬೇಡ, ನಾಲಿಗೆಯಿಂದ ಕಸ ತೆಗೆಸುವುದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಬೇಡ.

ಲೈನ್ ಮನೆಯ ಒಬ್ಬ ಅಕ್ಕ ಬಂದಿದ್ದರು, ನಲವತ್ತರ ಆಸುಪಾಸು. ಮಂಗಳವಾರ ಕಾಫಿ ರೆಕ್ಕೆ ಬಡಿದಿದೆ. ಬುಧವಾರ ಸಂತೆಗೆ ಹೋದ ಗಂಡ ಡ್ರಾಪ್ಸ್ ತಂದಿದ್ದಾರೆ. ಶುಕ್ರವಾರಕ್ಕೆ ಕೆಂಪು ಇಳಿದಿದೆ. 'ವಾಸಿಯಾಯ್ತು ಅಂದ್ಕೊಂಡೆ ಸಾರ್, ಶನಿವಾರ ಕೆಲಸಕ್ಕೂ ಹೋದೆ' ಅಂದರು. ಮುಂದಿನ ಸೋಮವಾರ ರಾತ್ರಿ ನೋವಿಗೆ ನಿದ್ದೆಯಿಲ್ಲ. ಬುಧವಾರ ನಮ್ಮ ಹತ್ತಿರ ಬಂದಾಗ ಕರಿಗುಡ್ಡೆಯ ಮೇಲೆ ಬೂದುಬಣ್ಣದ, ಗರಿಯಂಚಿನ ಮಚ್ಚೆ. ಆ ಕಣ್ಣಿಗೆ ನನ್ನ ಬೆರಳೆಣಿಸಲು ಆಗಲಿಲ್ಲ. ಬಾಟಲಿ ತಿರುಗಿಸಿದೆ: ಡೆಕ್ಸಾಮೆಥಾಸೋನ್. ಅದು ಸ್ಟೆರಾಯ್ಡ್.

ನಡೆದದ್ದು ಇಷ್ಟೇ. ಗಿಡದ ಕಡ್ಡಿಯ ಜೊತೆ ಬೂಷ್ಟು ಗೀರಿನೊಳಗೆ ಸೇರಿತ್ತು. ಈ ಬೂಷ್ಟಿನ ಸೋಂಕು ಮೆಲ್ಲಗೆ ಬೆಳೆಯುತ್ತದೆ, ಕೆಲವೊಮ್ಮೆ ವಾರ ಕಳೆದ ಮೇಲೆಯೇ ಗೊತ್ತಾಗುತ್ತದೆ. ಸ್ಟೆರಾಯ್ಡ್ ಕೆಂಪನ್ನೂ ನೋವನ್ನೂ ಇಳಿಸಿತು. ಜೊತೆಗೆ ಸೋಂಕಿನ ಜೊತೆ ಹೋರಾಡುವ ದೇಹದ ಕಾವಲನ್ನೂ ಮಲಗಿಸಿತು. ಆ ಅಕ್ಕನ ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಬೂಷ್ಟೆಂದು ಖಚಿತಪಡಿಸಿದರು. ನಾಟಾಮೈಸಿನ್ ಹನಿ ಗಂಟೆಗೊಮ್ಮೆ ಶುರುವಾಯಿತು, ಚಿಕಿತ್ಸೆ ಎರಡು ತಿಂಗಳ ಮೇಲೆ ಹಿಡಿಯಿತು. ಹುಣ್ಣು ಒಣಗಿತು, ಬಿಳಿ ಕಲೆ ಉಳಿಯಿತು. ಮಂಗಳವಾರವೇ ಬಂದಿದ್ದರೆ?

ನೇಪಾಳದ ಭಕ್ತಪುರದಲ್ಲಿ ಇದನ್ನೇ ನೋಡಿದ್ದಾರೆ, ವರದಿ 2001ರಲ್ಲಿ ಬಂತು. ಕಾರ್ನಿಯಾ ಗೀರಿದವರಿಗೆ ದಿನಕ್ಕೆ ಮೂರು ಸಲ, ಮೂರು ದಿನ ಆಂಟಿಬಯಾಟಿಕ್ ಮುಲಾಮು ಹಚ್ಚಿದರು. 18 ಗಂಟೆಯೊಳಗೆ ಶುರು ಮಾಡಿದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಹಾಗಂತ ನೀವೇ ಮುಲಾಮು ತಂದುಕೊಳ್ಳಬೇಡಿ. ಗೀರೋ, ಹುಣ್ಣೋ, ಒಳಗೆ ಚೂರೇನಾದರೂ ಕೂತಿದೆಯೋ ಅಂತ ನೋಡುವುದು ಮೊದಲು.

ಕೊನೆಯದು: ಹೊರಡುವಾಗ

ಕಣ್ಣು ಉಜ್ಜಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಪ್ಪು ಕನ್ನಡಕ ಸಾಕು. ಒಂದೇ ಕಣ್ಣಲ್ಲಿ ನಮ್ಮ ಘಟ್ಟದ ತಿರುವುಗಳಲ್ಲಿ ಬೈಕ್ ಓಡಿಸುವುದಂತೂ ಬೇಡ, ಯಾರನ್ನಾದರೂ ಕರೆಯಿರಿ. ಸುಮ್ನೆ ಯಾವುದೋ ಕ್ಲಿನಿಕ್ಕಿಗಲ್ಲ, ಕಣ್ಣಿನ ಡಾಕ್ಟರ್ ಇರುವಲ್ಲಿಗೆ. ಅವತ್ತು ಇದ್ದಾರಾ ಅಂತ ಫೋನ್ ಮಾಡಿ ಕೇಳಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಇದೆ, ಕುಶಾಲನಗರದ ಕಡೆಯವರಿಗೆ ಮೈಸೂರೂ ಆಗುತ್ತದೆ. 'ಕಣ್ಣು ಕೆಂಪಾಗಿದೆ' ಅಂತ ಮಾತ್ರ ಹೇಳಿದರೆ ಸಾಲಿನಲ್ಲಿ ಕೂರಿಸುತ್ತಾರೆ. 'ಕಡ್ಡಿ ಬಡಿದಿದೆ, ಮಂಜಾಗಿದೆ, ಇಷ್ಟು ಹೊತ್ತಾಯಿತು' ಅನ್ನಿ. ಈಗಾಗಲೇ ಡ್ರಾಪ್ಸ್ ಹಾಕಿದ್ದರೆ ಬೈಸಿಕೊಳ್ಳುವ ಹೆದರಿಕೆಗೆ ಮುಚ್ಚಿಡಬೇಡಿ, ಬಾಟಲಿ ತನ್ನಿ.