ಆ್ಯಪ್‌ನಲ್ಲಿ 33%, ಕೈಗೆ ಬಂದದ್ದೇ ಬೇರೆ

ಜಯನಗರದ ಮನೆಯಲ್ಲೇ ಕೂತು ನಾನು ಅಮೆರಿಕದ ಷೇರುಪೇಟೆಗೆ ದುಡ್ಡು ಹಾಕುತ್ತೇನೆ. ಹತ್ತಾರು ಕಂಪನಿ ಹುಡುಕುವ ತಾಳ್ಮೆ ನನಗಿಲ್ಲ. ಅಲ್ಲಿನ ಸುಮಾರು 500 ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಸೂಚ್ಯಂಕವನ್ನು ಹಿಂಬಾಲಿಸುವ, ಷೇರಿನಂತೆ ಕೊಳ್ಳಬಹುದಾದ ಒಂದು ಫಂಡ್, ಅಂದರೆ ಇಟಿಎಫ್, ಅಷ್ಟೇ. ಬ್ರೋಕರ್ ಆ್ಯಪ್ ತೋರಿಸುವ ಲಾಭ ಡಾಲರ್ ಲೆಕ್ಕದ್ದು. ನಾನು ಖರ್ಚು ಮಾಡುವುದು ರೂಪಾಯಿಯಲ್ಲಿ, ಅಲ್ವಾ? ಹಾಗಾಗಿ ನನ್ನದೇ ಒಂದು ಎಕ್ಸೆಲ್ ಶೀಟ್ ಇಟ್ಟಿದ್ದೇನೆ. ಅದರಲ್ಲಿ ಮುಖ್ಯವಾದದ್ದು ಎರಡೇ: ಖಾತೆಯಿಂದ ಹೋದ ರೂಪಾಯಿ, ಖಾತೆಗೆ ವಾಪಸ್ ಬಂದ ರೂಪಾಯಿ.

ದುಡ್ಡು ಹೋಗುವುದು ಎಲ್‌ಆರ್‌ಎಸ್ ದಾರಿಯಲ್ಲಿ, ಅಂದರೆ ಇಲ್ಲಿರುವವರು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆಯಲ್ಲಿ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ನಮ್ಮಂಥವರಿಗೆ ಅದು ಸುಮ್ನೆ ಓದಿಕೊಳ್ಳುವ ಅಂಕಿ. ನೆಟ್‌ಬ್ಯಾಂಕಿಂಗ್‌ನಲ್ಲಿ A2 ಫಾರ್ಮ್ ತುಂಬಿ, ಉದ್ದೇಶದ ಕೋಡ್ S0001 ಆರಿಸಿದರೆ ಹಣ ಬ್ರೋಕರ್ ಖಾತೆಗೆ ಹೊರಡುತ್ತದೆ.

2022ರ ಏಪ್ರಿಲ್‌ನಲ್ಲಿ 2 ಲಕ್ಷ ರೂಪಾಯಿ ಕಳಿಸಿದ್ದೆ. ಆಗ ಮಾರುಕಟ್ಟೆಯಲ್ಲಿ ಡಾಲರ್ ಸುಮಾರು 76 ರೂಪಾಯಿ. ಬ್ಯಾಂಕ್ ನನಗೆ ಮಾರಿದ್ದು 77ಕ್ಕೆ. ಕಳಿಸುವ ಶುಲ್ಕ, ಜಿಎಸ್‌ಟಿ ಸೇರಿ ಇನ್ನೊಂದು 1,200 ಹೋಯಿತು. ಅಲ್ಲಿ ತಲುಪಿದ್ದು 2,580 ಡಾಲರ್ ಚಿಲ್ಲರೆ. 2024ರ ಡಿಸೆಂಬರ್‌ನಲ್ಲಿ ಮಾರುವಾಗ ಆ್ಯಪ್ 33% ಲಾಭ ತೋರಿಸುತ್ತಿತ್ತು. ಅಷ್ಟರಲ್ಲಿ ಡಾಲರ್ 85ರ ಹತ್ತಿರ ಬಂದಿತ್ತು.

ಇಲ್ಲಿ ಷೇರಿನ ಏರಿಕೆ ಮತ್ತು ಡಾಲರ್ ಏರಿಕೆಯನ್ನು ಕೂಡಿಸಬಾರದು, ಗುಣಿಸಬೇಕು. ಡಾಲರ್ 76ರಿಂದ 85 ಆದದ್ದು 1.118 ಪಟ್ಟು. 1.33 ಗುಣಿಸು 1.118, ಅಂದರೆ ಹೆಚ್ಚುಕಮ್ಮಿ 1.487. 2 ಲಕ್ಷ 2.97 ಲಕ್ಷ ಆಗಬೇಕಿತ್ತು. ಆದರೆ ವಾಪಸ್ ತರಿಸುವಾಗ 35 ಡಾಲರ್ ಶುಲ್ಕ ಹೋಯಿತು, ಬ್ಯಾಂಕ್ ಡಾಲರ್‌ಗೆ 84 ರೂಪಾಯಿ ಮಾತ್ರ ಕೊಟ್ಟಿತು. ಖಾತೆಗೆ ಬಿದ್ದದ್ದು 2.85 ಲಕ್ಷ. ಅಂದರೆ ತೆರಿಗೆಗೆ ಮುಂಚೆ ಸುಮಾರು 42.6%. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹನ್ನೆರಡು ಸಾವಿರದಷ್ಟು ದಾರಿಯಲ್ಲೇ ಸೋರಿತು.

ರೂಪಾಯಿ ಬೀಳುವುದು ನನ್ನ ಕೈಯಲ್ಲಿಲ್ಲ. ಈ ಸೋರಿಕೆ ತಡೆಯುವುದು ಸ್ವಲ್ಪ ಮಟ್ಟಿಗೆ ಕೈಯಲ್ಲಿದೆ. ಹಣ ಕಡಿತವಾದ ಮೇಲೆ ಬ್ಯಾಂಕ್ ಕೊಡುವ ಡೆಬಿಟ್ ಅಡ್ವೈಸ್‌ನಲ್ಲಿ ಅವರು ಹಾಕಿದ ದರ ಇರುತ್ತದೆ. ಅದನ್ನು ಅವತ್ತಿನ ಮಾರುಕಟ್ಟೆ ದರ ತೋರಿಸುವ ಎಫ್‌ಬಿಐಎಲ್ ರೆಫರೆನ್ಸ್ ರೇಟ್ ಪಕ್ಕ ಇಟ್ಟು ನೋಡಿದರೆ ಎಷ್ಟು ಹೊಡೆದರು ಅನ್ನುವುದು ತಿಳಿಯುತ್ತದೆ. ಶುಲ್ಕ ಪ್ರತಿ ಸಲವೂ ಇದ್ದೇ ಇರುವುದರಿಂದ ತಿಂಗಳು ತಿಂಗಳು ಹತ್ತು ಸಾವಿರ ಕಳಿಸುವುದನ್ನು ನಾನು ಮಾಡುವುದಿಲ್ಲ. ಕೂಡಿಸಿಕೊಂಡು ಒಟ್ಟಿಗೆ ಕಳಿಸುತ್ತೇನೆ. ಶಾಖೆಗೆ ಹೋಗಿ, "ಸರ್, ಎಲ್ಲರಿಗೂ ಹಾಕುವ ಕಾರ್ಡ್ ರೇಟ್ ಬೇಡ, ಟ್ರೆಷರಿ ಕೇಳಿ ಒಂದು ರೇಟ್ ಕೊಡಿಸಿ" ಎಂದು ಕೇಳುವುದೂ ಉಂಟು. ಮೊತ್ತ ಚಿಕ್ಕದಾದರೆ, "ಇಷ್ಟಕ್ಕೆಲ್ಲ ಆಗಲ್ಲ ಮೇಡಂ" ಅನ್ನುತ್ತಾರೆ. ಕೇಳೋಕೇನು, ಕಾಸು ಖರ್ಚಿಲ್ಲ.

"ರೂಪಾಯಿ ಹೇಗೂ ಬೀಳುತ್ತೆ, ಲಾಭ ಗ್ಯಾರಂಟಿ" ಎನ್ನುವವರಿಗೆ ನಾನು ಎರಡು ವರ್ಷಗಳ ಲೆಕ್ಕ ತೋರಿಸುತ್ತೇನೆ. 2022ರಲ್ಲಿ ಎಸ್ ಆ್ಯಂಡ್ ಪಿ 500 ಸುಮಾರು 19.4% ಬಿತ್ತು. ಆ ವರ್ಷ ಡಾಲರ್ 74ರ ಆಸುಪಾಸಿನಿಂದ 82 ದಾಟಿದ್ದರಿಂದ ರೂಪಾಯಿ ಲೆಕ್ಕದಲ್ಲಿ ನಷ್ಟ 10%ರಷ್ಟೇ ಆಯಿತು. 2017ರಲ್ಲಿ ಅದೇ ಸೂಚ್ಯಂಕ 19.4% ಏರಿತ್ತು. ಆದರೆ ಡಾಲರ್ 68ರಿಂದ 64ಕ್ಕೆ ಇಳಿದು, ನಮ್ಮ ಪಾಲಿಗೆ ಉಳಿದದ್ದು 12% ಮಾತ್ರ. ಒಂದೆರಡು ವರ್ಷದಲ್ಲಿ ಬೇಕಾಗುವ ದುಡ್ಡನ್ನು, ಮಗಳ ಕಾಲೇಜು ಫೀಸಿನಂಥದ್ದನ್ನು, ನಾನು ಇದಕ್ಕೆ ಹಾಕದಿರುವುದು 2017 ನೋಡಿಯೇ.

ತೆರಿಗೆಯೂ ರೂಪಾಯಿ ಲೆಕ್ಕದಲ್ಲೇ. 1,000 ಡಾಲರ್‌ಗೆ ಕೊಂಡ ಷೇರನ್ನು 1,000 ಡಾಲರ್‌ಗೇ ಮಾರಿದಿರಿ ಅಂತಿಟ್ಟುಕೊಳ್ಳಿ. ಆ್ಯಪ್ ಪ್ರಕಾರ ಲಾಭ ಸೊನ್ನೆ. ಆದರೆ ಡಾಲರ್ 76ರಿಂದ 84 ಆಗಿದ್ದರೆ ತೆರಿಗೆ ಇಲಾಖೆಗೆ ಅದು 8,000 ರೂಪಾಯಿ ಲಾಭ. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ 12.5%, ಅಂದರೆ 1,000 ರೂಪಾಯಿ, ಸೆಸ್ ಬೇರೆ. ಮಾರಾಟದ ಹಣಕ್ಕೆ ಯಾವ ದರ ಹಿಡಿಯಬೇಕು? ಬ್ಯಾಂಕ್ ನಿಮಗೆ ಕೊಟ್ಟ ದರ ಅಲ್ಲ. ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ರೇಟ್, ಅಂದರೆ ಎಸ್‌ಬಿಐ ಡಾಲರ್ ಕೊಳ್ಳುವ ದರ. ನಾನು ಡಿಸೆಂಬರ್‌ನಲ್ಲಿ ಮಾರಿದ್ದಕ್ಕೆ ನವೆಂಬರ್ ಕೊನೆಯ ದರ ಹುಡುಕಿ ಕೊಡಬೇಕಾಯಿತು. ಅದಕ್ಕೇ ಈಗ ಪ್ರತಿ ತಿಂಗಳ ಕೊನೆಗೆ ಆ ದರವನ್ನು ಶೀಟ್‌ಗೆ ಸೇರಿಸಿಬಿಡುತ್ತೇನೆ. ಜುಲೈನಲ್ಲಿ ನಮ್ಮ ಆಡಿಟರ್ ಫೋನ್ ಮಾಡಿದಾಗ ಆ ಹಾಳೆಯನ್ನು ವಾಟ್ಸ್‌ಆ್ಯಪ್ ಮಾಡಿದರೆ ಸಾಕು.